ಕರಾರು ಮುರಿದಿದ್ದೀರಿ ಎಂದು ನೋಟಿಸ್ ಬಂದರೆ: ಉತ್ತರದ ಪತ್ರ ಬರೆಯುವ ಕ್ರಮ

ಕುಮಟಾದಲ್ಲಿ ನನ್ನದು ಮನೆ ರಿಪೇರಿ ಕೆಲಸ. ಹಳೆ ಹಂಚಿನ ಮನೆಗಳ ಮಾಡು ಬಿಚ್ಚಿ ಹೊಸ ಪಕಾಸು, ರೀಪು ಹಾಕಿ ಮತ್ತೆ ಹಂಚು ಕೂರಿಸುವುದು, ಜೊತೆಗೆ ಬಾತ್‌ರೂಮ್, ವೈರಿಂಗ್. 2024ರ ಜುಲೈ 5ರಂದು ಒಬ್ಬ ವಕೀಲರಿಂದ ನೋಟಿಸ್ ಬಂತು. ಗೋಕರ್ಣದ ಹತ್ತಿರ ನಾನು ಕೆಲಸ ಮಾಡಿಕೊಟ್ಟ ಮನೆಯ ಮಾಲೀಕರು ಕಳಿಸಿದ್ದು. ಅವರು ಇರುವುದು ಬೆಂಗಳೂರಿನಲ್ಲಿ. ನಾನು ಕರಾರು ಮುರಿದಿದ್ದೇನೆ, 15 ದಿನದೊಳಗೆ ಮೂರು ಲಕ್ಷ ರೂಪಾಯಿ ಪರಿಹಾರ ಕೊಡಬೇಕು, ಇಲ್ಲದಿದ್ದರೆ ಕೇಸ್ ಹಾಕುತ್ತೇವೆ ಎಂದು ಬರೆದಿತ್ತು.

ಆರೋಪ ಮೂರು. ಏಪ್ರಿಲ್ 30ಕ್ಕೆ ಮುಗಿಯಬೇಕಾದ ಕೆಲಸ ಜೂನ್ 4ಕ್ಕೆ ಮುಗಿಯಿತು. ಕಂಪೌಂಡ್ ಕಟ್ಟಿಲ್ಲ. ಬಾತ್‌ರೂಮಿನ ಗೋಡೆಯಲ್ಲಿ ತೇವ ಬರುತ್ತಿದೆ.

ಆ ನೋಟಿಸಿಗೆ ಉತ್ತರ ಬರೆಯುವಾಗ ನಾನು ಕಲಿತದ್ದನ್ನು ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ. ನಮ್ಮಂತೆ ಸಣ್ಣ ಗುತ್ತಿಗೆ ಮಾಡುವವರಿಗೆ ಇಂಥ ಕಾಗದ ಬಂದಾಗ ಕೈಕಾಲು ಆಡುವುದಿಲ್ಲ. ಕೆಲವರು ಸುಮ್ನೆ ಕೂರುತ್ತಾರೆ, ಕೆಲವರು ಸಿಟ್ಟಿನಲ್ಲಿ ಫೋನ್ ಮಾಡುತ್ತಾರೆ. ಎರಡೂ ನಮಗೇ ತೊಂದರೆ.

ಮೊದಲ ದಿನ

ನೋಟಿಸ್ ಬಂದ ಕವರ್ ಎಸೆಯಬೇಡಿ. ಕೈಗೆ ಬಂದ ತಾರೀಕನ್ನು ಅದರ ಮೇಲೆ ಬರೆದಿಡಿ. 15 ದಿನದ ಲೆಕ್ಕವನ್ನು ಎಲ್ಲಿಂದ ಹಿಡಿಯಬೇಕು ಎಂಬುದು ನೋಟಿಸಿನಲ್ಲೇ ಇರುತ್ತದೆ, ಓದಿ ನೋಡಿ. ನನ್ನದರಲ್ಲಿ ತಲುಪಿದ ದಿನದಿಂದ ಎಂದಿತ್ತು. ಅಂದರೆ ಜುಲೈ 20ರವರೆಗೆ ಸಮಯ. ಈ 15 ದಿನ ಅವರ ಕಡೆಯವರು ಹಾಕಿದ ಗಡುವು. ಅದು ದಾಟಿದ ಮಾತ್ರಕ್ಕೆ ನಾವು ಸೋತಂತೆ ಆಗುವುದಿಲ್ಲ. ಆದರೆ ಮುಂದೆ ಕೇಸ್ ಆದರೆ, ನೋಟಿಸ್ ಕೊಟ್ಟರೂ ಇವರು ಉತ್ತರವನ್ನೇ ಕೊಡಲಿಲ್ಲ ಎಂದು ಖಂಡಿತ ಹೇಳುತ್ತಾರೆ. ಕಾಗದಪತ್ರ ಹುಡುಕಲು ಸಮಯ ಬೇಕಿದ್ದರೆ, ಯಾವ ಆರೋಪವನ್ನೂ ಒಪ್ಪಿಲ್ಲ, ಇಂಥ ತಾರೀಕಿನೊಳಗೆ ವಿವರವಾದ ಉತ್ತರ ಕೊಡುತ್ತೇವೆ ಎಂದು ಎರಡು ಸಾಲು ಕಳಿಸಿದರೂ ಸಾಕು.

ವಾಟ್ಸಾಪ್ ಮೆಸೇಜ್ ಯಾವುದನ್ನೂ ಅಳಿಸಬೇಡಿ, ನಿಮಗೆ ವಿರುದ್ಧ ಇರುವುದನ್ನೂ ಅಳಿಸಬೇಡಿ. ಫೋನ್ ಬದಲಿಸುವ ಯೋಚನೆ ಇದ್ದರೆ ಮುಂದೂಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇಂಥ ಮೆಸೇಜನ್ನು ಪ್ರಿಂಟ್ ತೆಗೆದು ಕೋರ್ಟಿಗೆ ಕೊಡುವಾಗ ಅದರ ಜೊತೆ ಒಂದು ಪ್ರಮಾಣಪತ್ರ ಬೇಕು. ಮೆಸೇಜ್ ಬಂದ ಫೋನೇ ಕೈಯಲ್ಲಿದ್ದರೆ ಆ ಕೆಲಸ ಸಲೀಸು.

ಕರಾರನ್ನು ಮತ್ತೆ ಓದುವುದು

ನಮ್ಮ ಕರಾರು ನಾಲ್ಕು ಪುಟ, 2023ರ ಡಿಸೆಂಬರ್ 5ರದ್ದು. ಒಟ್ಟು ಮೊತ್ತ 8,40,000 ರೂಪಾಯಿ. ಓದುವಾಗ ನಾನು ಎರಡು ಬಣ್ಣದ ಪೆನ್ ಇಟ್ಟುಕೊಂಡಿದ್ದೆ. ನಾನು ಮಾಡಬೇಕಾದದ್ದಕ್ಕೆ ನೀಲಿ ಗೆರೆ, ಮಾಲೀಕರು ಮಾಡಬೇಕಾದದ್ದಕ್ಕೆ ಕೆಂಪು ಗೆರೆ. ನೋಟಿಸಿನಲ್ಲಿ ನೀಲಿ ಗೆರೆಯ ಮಾತು ಮಾತ್ರ ಇತ್ತು.

ನೀಲಿ ಗೆರೆ ಬಿದ್ದದ್ದು ನಾಲ್ಕು ಕೆಲಸಕ್ಕೆ: ಮಾಡಿನ ಮರ ಬದಲಿಸುವುದು, ಹಂಚು ಮರುಜೋಡಣೆ, ಎರಡು ಬಾತ್‌ರೂಮ್, ಪೂರ್ತಿ ವೈರಿಂಗ್. ಅದರ ಕೆಳಗೆ, ಈ ಪಟ್ಟಿಯಲ್ಲಿ ಇಲ್ಲದ ಕೆಲಸಕ್ಕೆ ಬೇರೆ ದರ, ಬೇರೆ ಲಿಖಿತ ಒಪ್ಪಿಗೆ ಬೇಕು ಎಂಬ ಒಂದು ಸಾಲು. ಕೆಂಪು ಗೆರೆ ಬಿದ್ದದ್ದು ಮೂರಕ್ಕೆ. ಬಾತ್‌ರೂಮಿನ ಟೈಲ್ಸನ್ನು ಜನವರಿ 10ರೊಳಗೆ ಆಯ್ಕೆ ಮಾಡಬೇಕು. ಮರ ತರಲು ಎರಡನೇ ಕಂತು 2,10,000 ರೂಪಾಯಿಯನ್ನು ಜನವರಿ 20ಕ್ಕೆ ಕೊಡಬೇಕು. ಹಿಂದಿನ ಕೋಣೆಯಲ್ಲಿ ಇದ್ದ ಅವರ ಸಂಬಂಧಿಕರು ಫೆಬ್ರವರಿ 1ರೊಳಗೆ ಜಾಗ ಖಾಲಿ ಮಾಡಬೇಕು.

ನಿಮ್ಮ ಕೆಲಸಕ್ಕೆ ಕರಾರೇ ಇಲ್ಲ, ಬರೀ ಎಸ್ಟಿಮೇಟ್ ಕೊಟ್ಟು ಅಡ್ವಾನ್ಸ್ ತಗೊಂಡಿದ್ದೀರಿ ಎಂದಾದರೆ ಆ ಎಸ್ಟಿಮೇಟನ್ನೇ ಹೀಗೆ ಓದಬೇಕು. ಅದರಲ್ಲಿ ಮಾಲೀಕರ ಪಾಲಿನ ಕೆಲಸ ಬರೆದಿರುವುದು ಕಡಿಮೆ. ಆಗ ಮೆಸೇಜುಗಳಲ್ಲಿ ಹುಡುಕಬೇಕಾಗುತ್ತದೆ.

ತಡದ ಲೆಕ್ಕ: ಎಲ್ಲರೂ ಎಡವುವ ಜಾಗ

ನಾನು ಮೊದಲು ಮಾಡಿದ ಲೆಕ್ಕ ಹೀಗಿತ್ತು. ಟೈಲ್ಸ್ ಆಯ್ಕೆ ಮಾಡಿದ್ದು ಫೆಬ್ರವರಿ 21ಕ್ಕೆ, 42 ದಿನ ತಡ. ಕಂತು ಬಂದದ್ದು ಫೆಬ್ರವರಿ 19ಕ್ಕೆ, 30 ದಿನ ತಡ. ಕೋಣೆ ಖಾಲಿಯಾದದ್ದು ಮಾರ್ಚ್ 5ಕ್ಕೆ, 33 ದಿನ ತಡ. ಕೂಡಿಸಿದರೆ 105 ದಿನ. ನನ್ನದು ತಡವಾದದ್ದು ಬರೀ 35 ದಿನ. ಇದನ್ನು ಬರೆದರೆ ಅವರ ಬಾಯಿ ಮುಚ್ಚಿತು ಎಂದುಕೊಂಡೆ.

ಕುಮಟಾದ ನಮ್ಮ ವಕೀಲರು ಆ ಹಾಳೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: "ಟೈಲ್ಸ್ ತಡವಾದ್ದರಿಂದ ಯಾವ ಕೆಲಸ ನಿಂತಿತ್ತು ಮಾರಾಯ್ರೆ?"

ಯಾವುದೂ ನಿಂತಿರಲಿಲ್ಲ. ಟೈಲ್ಸ್ ಬೇಕಾಗುವುದು ಮಾಡಿನ ಕೆಲಸ ಮುಗಿದ ಮೇಲೆ, ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅದು ಬಂದು ಜಗಲಿಯಲ್ಲಿ ಕೂತಿತ್ತು.

ಅವರು ಭಾರತೀಯ ಕರಾರು ಕಾಯ್ದೆ ತೆಗೆದು ತೋರಿಸಿದರು. 1872ರ ಕಾಯ್ದೆ ಅದು. ಅದರ 67ನೇ ಕಲಂ ನಮ್ಮಂಥವರಿಗಾಗಿಯೇ ಬರೆದಂತಿದೆ. ಕೆಲಸ ಮಾಡಿಸಿಕೊಳ್ಳುವವರು ಅದಕ್ಕೆ ಬೇಕಾದ ಅನುಕೂಲ ಮಾಡಿಕೊಡದಿದ್ದರೆ, ಅದರಿಂದಾಗಿ ಆಗದೆ ಉಳಿದ ಕೆಲಸಕ್ಕೆ ಮಾಡುವವರು ಹೊಣೆಯಲ್ಲ. ಅಲ್ಲಿ ಕೊಟ್ಟ ಉದಾಹರಣೆ ಕೂಡ ಮನೆ ರಿಪೇರಿಯದ್ದೇ. ಎಲ್ಲಿ ರಿಪೇರಿ ಬೇಕು ಎಂದು ಮಾಲೀಕ ತೋರಿಸದಿದ್ದರೆ ರಿಪೇರಿ ಆಗದ್ದಕ್ಕೆ ಕೆಲಸದವನು ಹೊಣೆಯಲ್ಲ. ಆದರೆ ಕಲಂನಲ್ಲೂ ಉದಾಹರಣೆಯಲ್ಲೂ ಒಂದೇ ಷರತ್ತು ಇದೆ. ಕೆಲಸ ಆಗದೆ ಇದ್ದದ್ದು ಆ ಕಾರಣದಿಂದಲೇ ಆಗಿರಬೇಕು. ಮಾಲೀಕರು ತಡ ಮಾಡಿದ್ದಾರೆ ಎಂದು ತೋರಿಸಿದರೆ ಸಾಲದು. ಆ ತಡ ನಮ್ಮ ಕೆಲಸವನ್ನು ನಿಲ್ಲಿಸಿತು ಎಂದು ತೋರಿಸಬೇಕು.

ಇನ್ನೊಂದು ತಪ್ಪು ಕೂಡಿಸಿದ್ದು. ಫೆಬ್ರವರಿ 10ನೇ ತಾರೀಕು ಮೂರೂ ತಡಗಳಲ್ಲಿ ಬರುತ್ತದೆ. ಅದನ್ನು ನಾನು ಮೂರು ದಿನ ಎಂದು ಎಣಿಸಿದ್ದೆ. ಒಂದು ದಿನ ಕಳೆದುಹೋದರೆ ಅದು ಒಂದೇ ದಿನ, ಕಾರಣ ಎಷ್ಟೇ ಇರಲಿ.

ಹಾಗಾಗಿ ಮತ್ತೆ ಲೆಕ್ಕ ಹಾಕಿದೆವು, ಈ ಸಲ ಕೆಲಸದ ಸರದಿಯಿಂದ. ಕಂತು ಜನವರಿ 20ಕ್ಕೆ ಬಂದಿದ್ದರೆ ಸಾಮಿಲ್ಲಿನಿಂದ ಮರ ಕುಯ್ಸಿ ತರಲು 15 ದಿನ. ಫೆಬ್ರವರಿ 4ಕ್ಕೆ ಮಾಡು ಬಿಚ್ಚಬಹುದಿತ್ತು. ಕಂತು ಬಂದದ್ದು ಫೆಬ್ರವರಿ 19ಕ್ಕೆ, ಮರ ಬಂದದ್ದು ಮಾರ್ಚ್ 5ಕ್ಕೆ. ಅದೇ ದಿನ ಹಿಂದಿನ ಕೋಣೆಯೂ ಖಾಲಿಯಾಯಿತು. ಫೆಬ್ರವರಿ 4ರಿಂದ ಮಾರ್ಚ್ 5ರವರೆಗೆ 30 ದಿನ ಮಾಡಿನ ಕೆಲಸ ಶುರುವಾಗಲು ಸಾಧ್ಯವೇ ಇರಲಿಲ್ಲ. ಮಾಡು ಆಗದೆ ವೈರಿಂಗ್ ಇಲ್ಲ, ಬಾತ್‌ರೂಮಿನ ಒಳಕೆಲಸವೂ ಇಲ್ಲ.

105 ದಿನ ಹೋಗಿ 30 ದಿನ ಉಳಿಯಿತು. ಆದರೆ ಈ 30 ದಿನವನ್ನು ಯಾರೂ ಅಲ್ಲಾಡಿಸಲು ಆಗುವುದಿಲ್ಲ. ಕಂತು ಬಂದ ತಾರೀಕು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿದೆ. ಮರದ ತಾರೀಕು ಸಾಮಿಲ್ಲಿನ ಬಿಲ್ಲಿನಲ್ಲಿದೆ. "ಇವತ್ತು ರೂಮ್ ಖಾಲಿ ಮಾಡಿದ್ದಾರೆ, ಕೆಲಸ ಶುರು ಮಾಡಿ" ಎಂಬ ಮಾಲೀಕರದ್ದೇ ಮೆಸೇಜ್ ಮಾರ್ಚ್ 5ರಂದು ಬಂದಿದೆ. ಟೈಲ್ಸಿನ 42 ದಿನವನ್ನು ಉತ್ತರದಲ್ಲಿ ಬರೆಯಲೇ ಇಲ್ಲ. ಬರೆದಿದ್ದರೆ ಅವರ ವಕೀಲರು ಹಿಡಿಯುವುದು ಅದನ್ನೇ. ಒಂದು ಲೆಕ್ಕ ಸುಳ್ಳು ಎಂದು ತೋರಿಸಿದರೆ ಉಳಿದದ್ದರ ಮೇಲೂ ಅನುಮಾನ ಬರುತ್ತದೆ.

ನಮ್ಮದೇ ತಡ ಇದ್ದರೆ

35ರಲ್ಲಿ 30 ಹೋದರೆ 5 ದಿನ ಉಳಿಯಿತು. ಅದು ನನ್ನದೇ. ವೈರಿಂಗ್ ಮಾಡುವ ಹುಡುಗ ಮದುವೆಗೆಂದು ಊರಿಗೆ ಹೋಗಿದ್ದ, ಬೇರೆಯವರು ಸಿಗಲಿಲ್ಲ. ಇದನ್ನು ಏನು ಮಾಡುವುದು?

ಸುಳ್ಳು ಕಾರಣ ಹುಟ್ಟಿಸಬಾರದು. ಮಳೆ ಬಂತು ಎಂದು ಬರೆಯಲು ನನಗೆ ಆಸೆಯಾಗಿತ್ತು. ನಮ್ಮ ಕರಾವಳಿಯಲ್ಲಿ ಮುಂಗಾರು ಹಿಡಿಯುವುದು ಜೂನ್ ಮೊದಲ ವಾರದ ಹೊತ್ತಿಗೆ, ಏಪ್ರಿಲ್–ಮೇ ತಿಂಗಳ ತಡಕ್ಕೆ ಅದು ಕಾರಣ ಆಗುವುದಿಲ್ಲ. ಇಲ್ಲಿ ಕೆಲಸಕ್ಕೆ ಬಂದದ್ದು ಮಾಲೀಕರ ಇನ್ನೊಂದು ಮೆಸೇಜ್. ಮೇ 3ರಂದು ಅವರು ಬರೆದಿದ್ದರು: "ಹಂಚು ಹಾಕಿ ಆಯ್ತಲ್ಲ, ಒಳಗಿನ ಕೆಲಸ ಜೂನ್ ಹತ್ತರೊಳಗೆ ಮುಗಿಸಿ ಕೊಡಿ, ತೊಂದರೆ ಇಲ್ಲ." ಕರಾರು ಕಾಯ್ದೆಯ 63ನೇ ಕಲಂ ಪ್ರಕಾರ ಕೆಲಸ ಮಾಡಿಸಿಕೊಳ್ಳುವವರು ತಾವಾಗಿ ಸಮಯ ವಿಸ್ತರಿಸಬಹುದು. ಜೂನ್ 10 ಎಂದು ಅವರೇ ಹೇಳಿದ ಮೇಲೆ ಜೂನ್ 4ಕ್ಕೆ ಮುಗಿದ ಕೆಲಸ ತಡವಾಯಿತು ಎನ್ನಲು ಬರುವುದಿಲ್ಲ. 5 ದಿನವನ್ನು ಬೇರೆಯಾಗಿ ಸಮರ್ಥಿಸುವ ಅಗತ್ಯವೇ ಬೀಳಲಿಲ್ಲ.

ನಿಮ್ಮಲ್ಲಿ ಅಂಥ ಮೆಸೇಜ್ ಇಲ್ಲದಿದ್ದರೆ 73ನೇ ಕಲಂ ಇದೆ. ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟಕ್ಕೆ ಮಾತ್ರ ಪರಿಹಾರ, ದೂರದ ನಷ್ಟಕ್ಕೆ ಅಲ್ಲ. ಆ 5 ದಿನದಿಂದ ನಿಮಗೆ ಏನು ನಷ್ಟವಾಯಿತು, ಬಿಲ್ ಸಹಿತ ತಿಳಿಸಿ ಎಂದು ಕೇಳಬಹುದು. ತಡದ ದಿನಕ್ಕೆ ಇಷ್ಟು ದಂಡ ಎಂದು ಕರಾರಿನಲ್ಲೇ ಬರೆದಿದ್ದರೆ ಮಾತು ಬೇರೆ, ಅದು 74ನೇ ಕಲಂನ ವಿಷಯ. ಅಂಥ ಸಾಲು ಇದ್ದರೆ ವಕೀಲರನ್ನು ಕೇಳದೆ ಉತ್ತರ ಕಳಿಸಬೇಡಿ. ತಡದ ಹೆಚ್ಚಿನ ಪಾಲು ನಿಮ್ಮದೇ ಆಗಿದ್ದರೆ ಇಂಥ ತಿರಸ್ಕಾರದ ಪತ್ರ ಬರೆಯುವುದಕ್ಕಿಂತ ಕೂತು ಮಾತಾಡುವುದೇ ಸರಿ.

ಕಂಪೌಂಡ್: ಪಟ್ಟಿಯಲ್ಲಿ ಇಲ್ಲದ ಕೆಲಸ

ಇದಕ್ಕೆ ಕರಾರಿನ ಪಟ್ಟಿಯಲ್ಲಿ ಕಂಪೌಂಡ್ ಇಲ್ಲ ಎಂದರೆ ಸಾಕು ಅನ್ನಿಸಬಹುದು. ಸಾಲದು. ಬಾಯಿಮಾತಿನಲ್ಲಿ ಒಪ್ಪಿದ್ದರು ಎಂಬುದು ಅವರ ವಾದ. ನಾವು ಆ ವಿಷಯ ಮಾತಾಡಿದ್ದು ನಿಜ. ಮಾರ್ಚ್‌ನಲ್ಲಿ ಅವರು ಕೇಳಿದ್ದಕ್ಕೆ ಚಿರೆಕಲ್ಲಿನ ಕಂಪೌಂಡಿಗೆ 1,65,000 ರೂಪಾಯಿ ಎಂದು ಬೇರೆ ಎಸ್ಟಿಮೇಟ್ ಕಳಿಸಿದ್ದೆ. ಅದಕ್ಕೆ ಅವರ ಉತ್ತರ: "ಈಗ ಬೇಡ, ಆಮೇಲೆ ನೋಡೋಣ."

ಈ ಒಂದು ಸಾಲು ಕರಾರಿನ ಪಟ್ಟಿಗಿಂತ ಜಾಸ್ತಿ ತೂಕದ್ದು. ಕಂಪೌಂಡ್ 8,40,000ದ ಒಳಗೇ ಇದ್ದಿದ್ದರೆ ಬೇರೆ ಎಸ್ಟಿಮೇಟ್ ಯಾಕೆ ಕೇಳುತ್ತಿದ್ದರು? ಅದು ಬೇರೆ ಕೆಲಸ ಎಂದು ಅವರಿಗೂ ಆಗ ಗೊತ್ತಿತ್ತು, ಅಲ್ವಾ? ಹಾಗಾಗಿ ಪಟ್ಟಿಯಲ್ಲಿ ಇಲ್ಲದ ಕೆಲಸದ ಮಾತು ಬಂದಾಗ, ಅದು ಆಗದೇ ಹೋದರೂ, ಕಳಿಸಿದ ಎಸ್ಟಿಮೇಟ್ ಮತ್ತು ಬಂದ ಉತ್ತರ ಎರಡನ್ನೂ ಫೈಲಿನಲ್ಲಿ ಇಡಿ.

ಒಂದು ಅಪಾಯವೂ ಇದೆ. ಪಟ್ಟಿಯಲ್ಲಿ ಇಲ್ಲದ ಸಣ್ಣ ಕೆಲಸಗಳನ್ನು ಮುಲಾಜಿಗೆ ಮಾಡಿಕೊಟ್ಟಿದ್ದರೆ, ಎಲ್ಲವೂ ಒಟ್ಟಿಗೇ ಸೇರಿತ್ತು ಎಂದು ಅವರು ವಾದಿಸಬಹುದು. ನಾನು ಬಾವಿಯ ಪಂಪಿಗೆ ಒಂದು ಲೈನ್ ಎಳೆದುಕೊಟ್ಟಿದ್ದೆ. ಅದನ್ನು ಉತ್ತರದಲ್ಲಿ ಒಂದೇ ವಾಕ್ಯದಲ್ಲಿ ಹೇಳಿದೆವು: ಅದು ನಿಮ್ಮ ಕೋರಿಕೆಯ ಮೇಲೆ ಹೆಚ್ಚುವರಿಯಾಗಿ ಮಾಡಿದ್ದು, ಕರಾರಿನ ಪಟ್ಟಿ ಅದರಿಂದ ಬದಲಾಗಿಲ್ಲ.

ತೇವದ ಗೋಡೆ: ಇದನ್ನು ತಿರಸ್ಕರಿಸಬೇಡಿ

ಮೂರನೆಯ ಆರೋಪವನ್ನೂ ಸಾರಾಸಗಟಾಗಿ ಅಲ್ಲಗಳೆಯಬೇಕು ಎಂದು ನನಗಿತ್ತು. ವಕೀಲರು ಬಿಡಲಿಲ್ಲ. ನೋಡದೆ ಹೇಗೆ ಇಲ್ಲ ಎನ್ನುತ್ತೀರಿ ಎಂದರು. ಕರಾರಿನಲ್ಲಿ ಆರು ತಿಂಗಳು ದೋಷ ಸರಿಪಡಿಸಿ ಕೊಡುವ ಮಾತಿದೆ. ಆ ಅವಧಿ ಇನ್ನೂ ಇತ್ತು.

ಚಿರೆಕಲ್ಲಿನ ಗೋಡೆ ನೀರು ಹೀರುತ್ತದೆ. ಮಳೆಗಾಲದಲ್ಲಿ ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ, ಗೋಡೆಯ ಉದ್ದಕ್ಕೂ ತೇವ ಏರಿದ್ದರೆ ಅದು ನೆಲದ ತೇವ. ಪೈಪ್ ಹೋದ ಜಾಗದಲ್ಲಿ ಮಾತ್ರ, ನಲ್ಲಿಯ ಕೆಳಗೆ ಮಚ್ಚೆಯಂತೆ ಇದ್ದು, ಮಳೆ ಬಿಟ್ಟ ದಿನವೂ ಆರದಿದ್ದರೆ ಪೈಪಿನ ಜಾಯಿಂಟ್ ಸೋರುತ್ತಿದೆ. ಟ್ಯಾಂಕಿನಿಂದ ಬರುವ ವಾಲ್ವ್ ಬಂದ್ ಮಾಡಿ ಎರಡು ದಿನ ಬಿಟ್ಟು ನೋಡಿದರೆ ಹೆಚ್ಚಾಗಿ ಗೊತ್ತಾಗುತ್ತದೆ. ಮೊದಲನೆಯದು ನನ್ನ ಕೆಲಸದ ದೋಷ ಅಲ್ಲ, ಎರಡನೆಯದು ನನ್ನದೇ. ಯಾವುದು ಎಂದು ತಿಳಿಯುವ ಮೊದಲು ಒಪ್ಪುವುದೂ ತಪ್ಪು, ನಿರಾಕರಿಸುವುದೂ ತಪ್ಪು.

ಉತ್ತರದಲ್ಲಿ ಮೂರು ತಾರೀಕು ಕೊಟ್ಟು, ಬಂದು ಪರೀಕ್ಷೆ ಮಾಡುತ್ತೇವೆ, ನಮ್ಮ ಕೆಲಸದ ದೋಷ ಎಂದು ಕಂಡರೆ ಖರ್ಚಿಲ್ಲದೆ ಸರಿಮಾಡಿಕೊಡುತ್ತೇವೆ ಎಂದು ಬರೆದೆವು. ಇದು ಮೆತ್ತಗಾದಂತೆ ಅಲ್ಲ. ಮನೆ ಕಟ್ಟುವ ಕೆಲಸ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆ ಎಂದೇ ಸೇರಿದೆ. ಮಾಲೀಕರು ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಅಲ್ಲಿ ಕೇಳುವ ಪ್ರಶ್ನೆ ಸೇವೆಯಲ್ಲಿ ಕೊರತೆ ಇತ್ತೇ ಎಂಬುದು. ದೂರು ಬಂದ ತಕ್ಷಣ ನೋಡಲು ಬರುತ್ತೇನೆ ಎಂದವನ ಪತ್ರ ಅಲ್ಲಿ ಅವನ ಪರವಾಗಿ ನಿಲ್ಲುತ್ತದೆ.

ಪತ್ರ

ನೋಟಿಸ್ ವಕೀಲರಿಂದ ಬಂದಿದ್ದರೆ ಉತ್ತರ ಆ ವಕೀಲರ ಹೆಸರಿಗೆ, ನಕಲು ಮಾಲೀಕರಿಗೆ. ನಾವೂ ವಕೀಲರ ಮೂಲಕವೇ ಕಳಿಸಿದರೆ ಒಳ್ಳೆಯದು. ಆದರೆ ತಾರೀಕು, ದಾಖಲೆ ಒದಗಿಸುವವರು ನಾವೇ. ನಮ್ಮ ಉತ್ತರದ ಮುಖ್ಯ ಭಾಗ ಹೀಗಿತ್ತು, ನಿಮ್ಮ ಅನುಕೂಲಕ್ಕೆ ಬದಲಿಸಿಕೊಳ್ಳಿ.

> ನಿಮ್ಮ ಕಕ್ಷಿದಾರರ ಪರವಾಗಿ ನೀವು 2-7-2024ರಂದು ಕಳಿಸಿದ ನೋಟಿಸ್ ನಮಗೆ 5-7-2024ರಂದು ತಲುಪಿದೆ. ಈ ಪತ್ರದಲ್ಲಿ ಸ್ಪಷ್ಟವಾಗಿ ಒಪ್ಪಿಕೊಂಡ ಸಂಗತಿ ಬಿಟ್ಟು ನೋಟಿಸಿನ ಬೇರೆ ಯಾವ ಆರೋಪವನ್ನೂ ನಾವು ಒಪ್ಪಿಲ್ಲ. ಕರಾರು ಮುರಿದಿದ್ದೇವೆ ಎಂಬ ಆರೋಪವನ್ನು ನಿರಾಕರಿಸುತ್ತೇವೆ.
>
> ತಡದ ಬಗ್ಗೆ: ಕರಾರಿನ ಪ್ರಕಾರ ಎರಡನೇ ಕಂತು 20-1-2024ಕ್ಕೆ ಕೊಡಬೇಕಿತ್ತು, 19-2-2024ರಂದು ಬಂದಿದೆ. ಹಿಂದಿನ ಕೋಣೆ 1-2-2024ಕ್ಕೆ ಖಾಲಿಯಾಗಬೇಕಿತ್ತು, 5-3-2024ರಂದು ಆಗಿದೆ. ಈ ಕಾರಣದಿಂದ 4-2-2024ಕ್ಕೆ ಶುರುವಾಗಬೇಕಿದ್ದ ಮಾಡಿನ ಕೆಲಸ 5-3-2024ಕ್ಕೆ ಮೊದಲು ಶುರು ಮಾಡಲು ಆಗಲಿಲ್ಲ. ನಂತರ 3-5-2024ರಂದು ನಿಮ್ಮ ಕಕ್ಷಿದಾರರೇ 10-6-2024ರವರೆಗೆ ಸಮಯ ಕೊಟ್ಟಿದ್ದಾರೆ. ಕೆಲಸ 4-6-2024ರಂದು ಮುಗಿದಿದೆ. ದಾಖಲೆಗಳ ನಕಲು 1ರಿಂದ 4 ಲಗತ್ತಿಸಿದೆ.
>
> ಕಂಪೌಂಡ್ ಬಗ್ಗೆ: ಅದು ಕರಾರಿನ ಕೆಲಸದ ಪಟ್ಟಿಯಲ್ಲಿ ಇಲ್ಲ. ಅದಕ್ಕೆ ಕಳಿಸಿದ ಪ್ರತ್ಯೇಕ ಎಸ್ಟಿಮೇಟನ್ನು ನಿಮ್ಮ ಕಕ್ಷಿದಾರರು ಒಪ್ಪಲಿಲ್ಲ. ನಕಲು 5.
>
> ಮೂರು ಲಕ್ಷ ರೂಪಾಯಿ ಯಾವ ನಷ್ಟಕ್ಕೆ ಎಂಬ ವಿವರ ನೋಟಿಸಿನಲ್ಲಿ ಇಲ್ಲ. ಆ ಮೊತ್ತ ಕೊಡಬೇಕಾದ ಹೊಣೆ ನಮಗಿಲ್ಲ. ಕರಾರಿನ ಕೊನೆಯ ಕಂತು 84,000 ರೂಪಾಯಿ ನಮಗೆ ಬರಬೇಕಾಗಿದೆ. ಈ ಪತ್ರ ತಲುಪಿದ 15 ದಿನದೊಳಗೆ ಅದನ್ನು ಕೊಡಲು ಕೋರುತ್ತೇವೆ.

ತೇವದ ಪರೀಕ್ಷೆಯ ಮಾತು ಇದರ ನಂತರ ಬೇರೆ ಪ್ಯಾರಾದಲ್ಲಿ ಬಂತು. ಇಲ್ಲಿ ಗಮನಿಸಿ, "ನಿಮ್ಮ ಕಕ್ಷಿದಾರರು ಮೋಸ ಮಾಡಲು ನೋಡುತ್ತಿದ್ದಾರೆ" ಎಂಬ ಮಾತು ಎಲ್ಲೂ ಇಲ್ಲ. ನನ್ನ ಮೊದಲ ಕರಡಿನಲ್ಲಿ ಇತ್ತು. ಪೊಲೀಸ್ ಕಂಪ್ಲೇಂಟ್ ಕೊಡುತ್ತೇನೆ ಎಂಬುದೂ ಇತ್ತು. ಎರಡನ್ನೂ ತೆಗೆದೆವು. ಪತ್ರವನ್ನು ಮುಂದೆ ಓದುವವರು ಜಡ್ಜ್ ಆಗಿರಬಹುದು. ಅವರಿಗೆ ಬೇಕಾದದ್ದು ತಾರೀಕು. ಕೊನೆಯ ಕಂತಿನ ಮಾತನ್ನು ಮಾತ್ರ ಮರೆಯಬೇಡಿ. ಬಾಕಿ ವಸೂಲಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ಪತ್ರದಲ್ಲಿ ಕೇಳಿದ ಮಾತ್ರಕ್ಕೆ ಆ ಮೂರು ವರ್ಷ ಮುಂದೆ ಹೋಗುವುದಿಲ್ಲ, ಆದರೆ ಕೇಳಿದ್ದೇವೆ ಎಂಬುದಕ್ಕೆ ದಾಖಲೆ ಆಗುತ್ತದೆ.

ಲಗತ್ತಿಸುವುದು ನಕಲು ಮಾತ್ರ, ಮೂಲ ಪ್ರತಿ ಯಾವತ್ತೂ ಕೊಡಬೇಡಿ. ಜುಲೈ 15ರಂದು ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟ್ ಮಾಡಿದೆ, ತಲುಪಿದ್ದಕ್ಕೆ ಸಹಿ ಬರುವಂತೆ. ಅದೇ ದಿನ ಪಿಡಿಎಫ್ ಮಾಡಿ ಮಾಲೀಕರ ಇಮೇಲಿಗೂ ಕಳಿಸಿದೆ. ಅಂಚೆಯ ರಸೀದಿಯನ್ನು ಪತ್ರದ ನಮ್ಮ ಪ್ರತಿಗೆ ಪಿನ್ ಮಾಡಿ ಇಟ್ಟೆ.

ನಾವು ಕೊಟ್ಟ ಮೂರು ತಾರೀಕುಗಳಲ್ಲಿ ಮಾಲೀಕರು ಜುಲೈ 27 ಒಪ್ಪಿದರು. ನಾನು ಪ್ಲಂಬರ್ ಕರೆದುಕೊಂಡು ಹೋದೆ. ಎರಡು ದಿನ ಮೊದಲೇ ವಾಲ್ವ್ ಬಂದ್ ಮಾಡಿಸಿದ್ದೆ. ಒಂದು ಬಾತ್‌ರೂಮಿನ ತೇವ ಆರಿತ್ತು, ಇನ್ನೊಂದರದ್ದು ಆರಿರಲಿಲ್ಲ. ಆರಿದ ಗೋಡೆ ಒಡೆದು ನೋಡಿದರೆ ಗೀಸರಿಗೆ ಹೋಗುವ ಪೈಪಿನ ಜಾಯಿಂಟ್ ಸೋರುತ್ತಿತ್ತು. ಅದು ನಮ್ಮದು, ಅದೇ ದಿನ ಬದಲಿಸಿದೆವು, ಟೈಲ್ಸ್ ಮತ್ತೆ ಹಚ್ಚಿಕೊಟ್ಟೆವು. ಇನ್ನೊಂದು ನೆಲದ ತೇವ ಎಂದು ಮಾಲೀಕರ ಎದುರೇ ತೋರಿಸಿ, ನೋಡಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಆಗಸ್ಟ್ 9ರಂದು 84,000 ರೂಪಾಯಿ ನನ್ನ ಖಾತೆಗೆ ಬಂತು.